ತಲೆಕಟ್ಟು ನೋಡಿ ತೀರ್ಪು ಕೊಡುವ ಡಿಟೆಕ್ಟರ್: ಹೊಸ ಕೃತಕ ಚಿತ್ರಗಳು ಕಣ್ತಪ್ಪಿಸಿಕೊಳ್ಳುವುದು ಹೇಗೆ?

ಕಳೆದ ಮಳೆಗಾಲದಲ್ಲಿ ನಮ್ಮ ಡೇಟಾ ಸೈನ್ಸ್ ತರಗತಿಯ, ಕಾಸರಗೋಡಿನ ಪೆರ್ಲದ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಲ್ಯಾಬಿನ ಕಂಪ್ಯೂಟರಿನಲ್ಲಿ, ಬರಹದಿಂದ ಚಿತ್ರ ಕಟ್ಟುವ ಸ್ಟೇಬಲ್ ಡಿಫ್ಯೂಷನ್ ಬಳಸಿ ಒಂದು ಚಿತ್ರ ತಯಾರಿಸಿದಳು. ಹಂಚಿನ ಮನೆ, ಅದರ ಮುಂದೆ ಮಳೆಗೆ ನೆನೆದ ಅಂಗಳ, ಅಂಗಳದ ತುಂಬ ಒಣಗಲು ಹರಡಿದ ಅಡಿಕೆ. ನಮ್ಮ ಕಡೆಯ ಯಾರಿಗೆ ತೋರಿಸಿದರೂ ಒಂದೇ ನೋಟಕ್ಕೆ ನಕ್ಕಾರು. ಮಳೆ ಬರುವಾಗ ಅಂಗಳದಲ್ಲಿ ಅಡಿಕೆ ಹರಡುವವರು ಯಾರಿದ್ದಾರೆ? ಆದರೆ ತರಗತಿಯಲ್ಲಿ ನಾವು ಅಭ್ಯಾಸಕ್ಕೆಂದು ಇಳಿಸಿಕೊಂಡಿದ್ದ, ಚಿತ್ರ ನೈಜವೋ ಕೃತಕವೋ ಎಂದು ಹೇಳುವ ಹಳೆಯ ಡಿಟೆಕ್ಟರ್ ಆ ಚಿತ್ರವನ್ನು ನೈಜ ಎಂದು ತೀರ್ಮಾನಿಸಿತು, ಅದೂ ಅನುಮಾನವೇ ಇಲ್ಲದಂತೆ, ಕೃತಕವಾಗಿರುವ ಸಾಧ್ಯತೆಗೆ ಸೊನ್ನೆಗೆ ಅಂಟಿಕೊಂಡ ಅಂಕ ಕೊಟ್ಟು. ಅದೇ ಡಿಟೆಕ್ಟರ್ ಹಿಂದಿನ ವಾರವಷ್ಟೇ, ಹಳೆಯ ಜನರೇಟರ್ ಮಾಡಿದ ಕುದುರೆ, ಬೆಕ್ಕುಗಳ ಚಿತ್ರಗಳನ್ನು ಹೆಚ್ಚುಕಡಿಮೆ ಒಂದನ್ನೂ ಬಿಡದೆ ಹಿಡಿದಿತ್ತು.

“ಸರ್, ಅದರ ತರಬೇತಿಯಲ್ಲಿ ಅಡಿಕೆ ಇರಲಿಲ್ಲ, ಅದಕ್ಕೇ ಇರಬೇಕು” ಎಂದು ಆಕೆ ಕಾರಣ ಕೊಟ್ಟಳು. ವಿದ್ಯಾರ್ಥಿಗಳೆಲ್ಲ ಮೊದಲು ಹೇಳುವ ಕಾರಣ ಇದೇ, ಮತ್ತು ಇದು ಪರೀಕ್ಷಿಸಿ ನೋಡಬಹುದಾದ ಕಾರಣ. ಆ ಡಿಟೆಕ್ಟರಿನ ತರಬೇತಿಯಲ್ಲಿದ್ದ 20 ವರ್ಗಗಳಲ್ಲಿ ಬಸ್ಸೂ ಒಂದು. ಆದ್ದರಿಂದ ಅದೇ ಸ್ಟೇಬಲ್ ಡಿಫ್ಯೂಷನ್‌ನಿಂದ ಬಸ್ಸುಗಳ ಕೆಲವು ಚಿತ್ರಗಳನ್ನು ಮಾಡಿಸಿ ಪರೀಕ್ಷೆಗೆ ಕೊಟ್ಟೆವು. ಅವೂ ನೈಜವೆಂದೇ ದಾಟಿಹೋದವು. ಚಿತ್ರದಲ್ಲಿ ಏನಿದೆ ಎಂಬುದು ಇಲ್ಲಿ ಮುಖ್ಯವಲ್ಲ, ಚಿತ್ರ ಯಾವ ಯಂತ್ರದಿಂದ ಹೊರಬಂತು ಎಂಬುದೇ ಮುಖ್ಯ ಎಂಬಷ್ಟನ್ನು ಈ ಚಿಕ್ಕ ಪರೀಕ್ಷೆಯಿಂದ ತಿಳಿಯಬಹುದು.

ಕಾಸರಗೋಡಿನವರಿಗೆ ಇದನ್ನು ಲಿಪಿಗಳ ಮೂಲಕ ಹೇಳುವುದು ಸುಲಭ. ಕನ್ನಡವನ್ನೂ ಮಲಯಾಳವನ್ನೂ ಓದಲು ಬಾರದ ಒಬ್ಬನನ್ನು ಬಸ್ ನಿಲ್ದಾಣದಲ್ಲಿ ನಿಲ್ಲಿಸಿ, ಸಾವಿರಾರು ಫಲಕಗಳನ್ನು ತೋರಿಸಿ, ಪ್ರತಿಯೊಂದಕ್ಕೂ “ಇದು ಕನ್ನಡ”, “ಇದು ಕನ್ನಡವಲ್ಲ” ಎಂದು ಹೇಳಿಕೊಡುತ್ತೇವೆ ಎಂದಿಟ್ಟುಕೊಳ್ಳಿ. ಕನ್ನಡವಲ್ಲದ ಫಲಕಗಳೆಲ್ಲ ಮಲಯಾಳದವೇ ಆಗಿದ್ದರೆ ಅವನು ಅಕ್ಷರಮಾಲೆ ಕಲಿಯುವ ಗೊಡವೆಗೆ ಹೋಗುವುದಿಲ್ಲ. ಕನ್ನಡದ ಅಕ್ಷರಗಳಿಗೆ ತಲೆಕಟ್ಟು ಇದೆ, ಮಲಯಾಳಕ್ಕೆ ಇಲ್ಲ. ಅಷ್ಟು ಗಮನಿಸಿದರೆ ಅವನ ಕೆಲಸ ಆಯಿತು, ಅಂಕವೂ ಪೂರ್ತಿ ಸಿಕ್ಕಿತು. ಮರುದಿನ ಹೆದ್ದಾರಿಯಲ್ಲಿ ತೆಲುಗು ಬರಹದ ಒಂದು ಲಾರಿ ಬರುತ್ತದೆ. ತೆಲುಗಿಗೂ ತಲೆಕಟ್ಟು ಉಂಟು. ಅವನು ತಡವರಿಸದೆ “ಇದು ಕನ್ನಡ” ಎನ್ನುತ್ತಾನೆ. ಅವನು ಕಲಿತದ್ದರಲ್ಲಿ ತಪ್ಪಿಲ್ಲ. ಕೊಟ್ಟ ಪಾಠಕ್ಕೆ ಎಷ್ಟು ಬೇಕೋ ಅಷ್ಟನ್ನೇ ಕಲಿತಿದ್ದಾನೆ.

ಡಿಟೆಕ್ಟರ್ ನೋಡುವ ತಲೆಕಟ್ಟು ಯಾವುದು ಎಂಬುದೇ ಮುಂದಿನ ಪ್ರಶ್ನೆ.

ನಾವು ಬಳಸಿದ ಡಿಟೆಕ್ಟರ್ 2020ರಲ್ಲಿ ಶೆಂಗ್-ಯು ವಾಂಗ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಅವರು ಪ್ರೊಗ್ಯಾನ್ ಎಂಬ ಒಂದೇ ಜನರೇಟರಿನಿಂದ 3,60,000 ಕೃತಕ ಚಿತ್ರಗಳನ್ನು ತೆಗೆದುಕೊಂಡು, ಅಷ್ಟೇ ಸಂಖ್ಯೆಯ ನೈಜ ಫೋಟೋಗಳ ಜೊತೆ ಸೇರಿಸಿ, ಚಿತ್ರಗಳನ್ನು ವರ್ಗೀಕರಿಸುವ ರೆಸ್‌ನೆಟ್-50 ಮಾದರಿಗೆ ತರಬೇತಿ ಕೊಟ್ಟರು. ತರಬೇತಿಯ ವೇಳೆ ಚಿತ್ರಗಳನ್ನು ಆಗಾಗ ಮಸುಕುಗೊಳಿಸಿ, ಜೆಪೆಗ್‌ಗೆ ಒತ್ತಿ ಕೊಟ್ಟದ್ದರಿಂದ ಅದು ತಾನು ಕಂಡಿರದ ಸ್ಟೈಲ್‌ಗ್ಯಾನ್, ಬಿಗ್‌ಗ್ಯಾನ್ ಮುಂತಾದ ಜನರೇಟರುಗಳ ಚಿತ್ರಗಳನ್ನೂ ಬಹಳಮಟ್ಟಿಗೆ ಗುರುತಿಸಿತು. ಕೃತಕ ಚಿತ್ರಗಳನ್ನು ಹಿಡಿಯುವುದು ಅಚ್ಚರಿಯಾಗುವಷ್ಟು ಸುಲಭ ಎಂದು ಹೇಳುವ ಆ ಪ್ರಬಂಧದ ಶೀರ್ಷಿಕೆ “ಸದ್ಯಕ್ಕೆ” ಎಂಬ ಮಾತಿನಿಂದ ಮುಗಿಯುತ್ತದೆ. ಆ ಪದವನ್ನು ಅವರು ಸುಮ್ಮನೆ ಸೇರಿಸಿರಲಾರರು.

ಆ ಹಳೆಯ ಜನರೇಟರುಗಳ ನಡುವೆ ಸಮಾನವಾಗಿದ್ದದ್ದು ಚಿತ್ರವನ್ನು ದೊಡ್ಡದು ಮಾಡುವ ರೀತಿ. ಪ್ರೊಗ್ಯಾನ್ 4×4ರ ಒಂದು ಪುಟ್ಟ ಚೌಕದಿಂದ ಶುರುಮಾಡಿ, ಪ್ರತಿ ಹಂತದಲ್ಲಿ ಇಮ್ಮಡಿಗೊಳಿಸುತ್ತ, ಆರು ಹಂತಗಳಲ್ಲಿ 256×256 ತಲುಪುತ್ತದೆ. ಇಮ್ಮಡಿಗೊಳಿಸುವಾಗ ಹೊಸ ಪಿಕ್ಸೆಲ್‌ಗಳಿಗೆ ಬೆಲೆ ಎಲ್ಲಿಂದ ಬರಬೇಕು? ತೀರಾ ಸರಳ ಉಪಾಯವೆಂದರೆ ಪಕ್ಕದ ಪಿಕ್ಸೆಲನ್ನೇ ನಕಲು ಮಾಡುವುದು. ಇದರ ಪರಿಣಾಮವನ್ನು ಒಂದು ಸಾಲಿನಲ್ಲಿ ಕಾಗದದ ಮೇಲೆ ಲೆಕ್ಕ ಹಾಕಿಯೇ ನೋಡಬಹುದು. ನಾಲ್ಕು ಪಿಕ್ಸೆಲ್‌ಗಳ ಬೆಲೆ 10, 14, 12, 16 ಇರಲಿ. ಇಮ್ಮಡಿಸಿದಾಗ 10, 10, 14, 14, 12, 12, 16, 16 ಆಗುತ್ತದೆ. ಈಗ ಒಂದನ್ನು ಕೂಡಿಸಿ ಮುಂದಿನದನ್ನು ಕಳೆಯುತ್ತ ಹೋಗಿ: 10−10+14−14+12−12+16−16. ಉತ್ತರ ಸೊನ್ನೆ. ಈ ಕೂಡು-ಕಳೆ ಮೊತ್ತವೆಂದರೆ, ಚಿತ್ರವನ್ನು ಬೇರೆಬೇರೆ ಫ್ರೀಕ್ವೆನ್ಸಿಯ ಲಯಗಳಾಗಿ ಬಿಡಿಸುವ ಫೂರಿಯೇ ರೂಪಾಂತರದಲ್ಲಿ ಅತ್ಯಂತ ಹೆಚ್ಚಿನ ಫ್ರೀಕ್ವೆನ್ಸಿಯ ಅಂಶವೇ, ಬೇರೇನಲ್ಲ. ಕ್ಯಾಮೆರಾದಿಂದ ಬಂದ ಸಾಲು 10, 11, 14, 13, 12, 12, 16, 15 ಎಂದಿದ್ದರೆ ಅದೇ ಲೆಕ್ಕಕ್ಕೆ 1 ಸಿಗುತ್ತದೆ. ಸಂವೇದಕದ ಸಣ್ಣ ಗದ್ದಲ ಯಾವ ಫೋಟೋದಲ್ಲೂ ಇರುವುದರಿಂದ ಅಲ್ಲಿ ಕರಾರುವಾಕ್ಕಾದ ಸೊನ್ನೆ ಬರುವುದು ಅಪರೂಪ.

ನಕಲಿನ ನಂತರ ಬರುವ, ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ತೂಕ ಹಾಕಿ ಬೆರೆಸುವ ಕನ್ವಲ್ಯೂಷನ್ ಪದರ ಇದನ್ನು ಸರಿಪಡಿಸಬಾರದೇಕೆ ಎಂದು ಕೇಳಬಹುದು. ಕನ್ವಲ್ಯೂಷನ್ ಪ್ರತಿ ಫ್ರೀಕ್ವೆನ್ಸಿಯನ್ನೂ ಒಂದು ಸಂಖ್ಯೆಯಿಂದ ಗುಣಿಸುತ್ತದೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಆ ಖಾಲಿ ಜಾಗವನ್ನು ತುಂಬುವುದು ಅದರ ಬಳಿಕ ಬರುವ ರೇಖೀಯವಲ್ಲದ ಆಕ್ಟಿವೇಷನ್. ಅದು ತುಂಬುತ್ತದೆ, ಆದರೆ ಜನರೇಟರಿನ ತೂಕಗಳಿಗೆ ತಕ್ಕಂತೆ, ಎಲ್ಲ ಚಿತ್ರಗಳಲ್ಲೂ ಬಹುತೇಕ ಒಂದೇ ಬಗೆಯಲ್ಲಿ ತುಂಬುತ್ತದೆ. ಇನ್ನು ಕೆಲವು ಜನರೇಟರುಗಳು ಟ್ರಾನ್ಸ್‌ಪೋಸ್ಡ್ ಕನ್ವಲ್ಯೂಷನ್ ಬಳಸುತ್ತವೆ. ಅಲ್ಲಿ ಎರಡು ಪಿಕ್ಸೆಲ್ ಹೆಜ್ಜೆಗೆ ಮೂರು ಪಿಕ್ಸೆಲಿನ ಫಿಲ್ಟರ್ ಇಟ್ಟರೆ, ಒಂದು ಪಿಕ್ಸೆಲಿಗೆ ಒಂದು ಕಡೆಯಿಂದ, ಪಕ್ಕದ್ದಕ್ಕೆ ಎರಡು ಕಡೆಯಿಂದ ಕೊಡುಗೆ ಬೀಳುತ್ತದೆ. ಎಲ್ಲ ಒಳಬೆಲೆಯೂ 5, ಎಲ್ಲ ತೂಕವೂ 1 ಆಗಿದ್ದರೆ ಹೊರಗೆ 5, 10, 5, 10 ಎಂಬ ಪಟ್ಟೆ ಬರುತ್ತದೆ. ಬಟ್ಟೆಯ ನೇಯ್ಗೆಯಂತೆ ಚಿತ್ರದುದ್ದಕ್ಕೂ ಹಬ್ಬಿದ ಇಂಥ ಲಯವೇ ನಮ್ಮ ಡಿಟೆಕ್ಟರಿಗೆ ಕಂಡ ತಲೆಕಟ್ಟು. ಕಣ್ಣಿಗೆ ಇದು ಕಾಣುವುದಿಲ್ಲ. ರೆಸ್‌ನೆಟ್ಟಿನ ಮೊದಲ ಕೆಲವು ಪದರಗಳಿಗೆ ಮಾತ್ರ ಇದಕ್ಕಿಂತ ಸುಲಭವಾದ ಸುಳಿವು ಮತ್ತೊಂದಿಲ್ಲ. ಅಂಗಳ ಒದ್ದೆಯೋ ಒಣವೋ ಎಂದು ಅದು ನೋಡಬೇಕಾದ ಸಂದರ್ಭವೇ ತರಬೇತಿಯಲ್ಲಿ ಒದಗಲಿಲ್ಲ.

ಸ್ಟೇಬಲ್ ಡಿಫ್ಯೂಷನ್ ಕೆಲಸ ಮಾಡುವ ಬಗೆಯೇ ಬೇರೆ. 512×512ರ ಚಿತ್ರವನ್ನು ಅದು 64×64 ಅಳತೆಯ, ನಾಲ್ಕು ಚಾನೆಲ್‌ಗಳ ಸಾಂದ್ರ ರೂಪದಲ್ಲಿ ಹಲವು ಹಂತಗಳಲ್ಲಿ ಗದ್ದಲ ತೆಗೆಯುತ್ತ ಬೆಳೆಸಿ, ಕೊನೆಗೆ ಒಂದು ಡಿಕೋಡರಿಗೆ ಒಪ್ಪಿಸುತ್ತದೆ. ಡಿಕೋಡರ್ ಮೂರು ಬಾರಿ ಇಮ್ಮಡಿಸಿ ಪೂರ್ಣ ಚಿತ್ರ ಕೊಡುತ್ತದೆ. ಇಲ್ಲೂ ಪಕ್ಕದ ಪಿಕ್ಸೆಲಿನ ನಕಲು ಉಂಟು, ಕನ್ವಲ್ಯೂಷನ್ ಉಂಟು; ಆದರೆ ಈ ಡಿಕೋಡರ್ ತರಬೇತಾದದ್ದು ನೈಜ ಫೋಟೋಗಳನ್ನು ಸಾಂದ್ರ ರೂಪದಿಂದ ನಿಷ್ಠೆಯಿಂದ ಮರಳಿ ಕಟ್ಟಲು. ಹಾಗಾಗಿ ಅದು ಖಾಲಿ ಫ್ರೀಕ್ವೆನ್ಸಿಗಳನ್ನು ತುಂಬುವ ಬಗೆ ಪ್ರೊಗ್ಯಾನಿನದಲ್ಲ. ಗುರುತು ಇದೆ, ಬೇರೆ ಗುರುತು. ಪಿಕ್ಸೆಲ್‌ಗಳ ಮೇಲೆಯೇ ನೇರವಾಗಿ ನಡೆಯುವ ಡಿಫ್ಯೂಷನ್ ಮಾದರಿಗಳಲ್ಲಂತೂ ಪ್ರತಿ ಹಂತದಲ್ಲೂ ಪೂರ್ಣ ಅಳತೆಯ ಚಿತ್ರವೇ ಒಳಗೆ ಹೋಗಿ ಹೊರಗೆ ಬರುವುದರಿಂದ ಇಮ್ಮಡಿಸಿದ ಗುರುತು ಇನ್ನೂ ಮಸುಕಾಗಿರುತ್ತದೆ.

ಇಲ್ಲಿಯವರೆಗಿನದು ಅರ್ಧ ಉತ್ತರ. ಗುರುತು ಬೇರೆಯಾದರೆ ಡಿಟೆಕ್ಟರ್ ಗೊಂದಲಕ್ಕೆ ಬಿದ್ದು ಅರ್ಧ ಚಿತ್ರಗಳನ್ನು ನೈಜ, ಅರ್ಧವನ್ನು ಕೃತಕ ಎನ್ನಬೇಕಿತ್ತಲ್ಲವೆ? ಹಾಗಾಗುವುದಿಲ್ಲ, ಅದು ಹೊಸ ಚಿತ್ರಗಳಲ್ಲಿ ಬಹುಪಾಲನ್ನು ಒಂದೇ ಕಡೆಗೆ, ನೈಜದ ಕಡೆಗೆ ತಳ್ಳುತ್ತದೆ. 2023ರಲ್ಲಿ ಉತ್ಕರ್ಷ್ ಓಝಾ, ಯುಹೆಂಗ್ ಲಿ ಮತ್ತು ಯೊಂಗ್ ಜೇ ಲೀ ಈ ಓರೆಯನ್ನು ಸ್ಪಷ್ಟವಾಗಿ ತೋರಿಸಿದರು. ಪ್ರೊಗ್ಯಾನಿನ ಗುರುತು ಇದ್ದರೆ ಕೃತಕ, ಇಲ್ಲದಿದ್ದರೆ ನೈಜ ಎಂಬುದೇ ಮಾದರಿ ಕಲಿತ ನಿಯಮ. ಅಂದರೆ ಅದರ ಮಟ್ಟಿಗೆ ‘ನೈಜ’ ಎಂಬ ವರ್ಗಕ್ಕೆ ಸ್ವಂತ ಲಕ್ಷಣವಿಲ್ಲ. ಕೃತಕದ ಗುರುತು ಸಿಗದ ಎಲ್ಲವನ್ನೂ ಹಾಕುವ ಬುಟ್ಟಿ ಅದು. ನಮ್ಮ ಅಡಿಕೆ ಅಂಗಳ ಬಿದ್ದದ್ದೂ ಅದೇ ಬುಟ್ಟಿಗೆ. ನಿಜವಾದ ಅಡಿಕೆ ಅಂಗಳದ ಫೋಟೋ ಕೊಟ್ಟಾಗ ಅದು ನೈಜ ಎಂದು ಸರಿಯುತ್ತರ ಕೊಟ್ಟದ್ದೂ ಅದೇ ಕಾರಣಕ್ಕೆ, ಅಂದರೆ ಯಾವ ಕಾರಣವೂ ಇಲ್ಲದೆ.

ಈ ಓರೆ ಒಟ್ಟು ನಿಖರತೆಯ ಸಂಖ್ಯೆಯಲ್ಲಿ ಮುಚ್ಚಿಹೋಗುತ್ತದೆ. ಲೆಕ್ಕಕ್ಕೆಂದು ಸಾವಿರ ನೈಜ, ಸಾವಿರ ಕೃತಕ ಚಿತ್ರಗಳಿರಲಿ; ನೈಜದಲ್ಲಿ 990 ಸರಿ, ಕೃತಕದಲ್ಲಿ 120 ಮಾತ್ರ ಸರಿ ಎನ್ನೋಣ. ನಿಖರತೆ ಶೇ 55.5. ಇದನ್ನು ಓದಿದವರು “ನಾಣ್ಯ ಚಿಮ್ಮಿದ್ದಕ್ಕಿಂತ ಸ್ವಲ್ಪ ಮೇಲು” ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಡಿಟೆಕ್ಟರ್ ನಾಣ್ಯ ಚಿಮ್ಮುತ್ತಿಲ್ಲ, ಕಣ್ಣು ಮುಚ್ಚಿ ‘ನೈಜ’ ಎನ್ನುತ್ತಿದೆ. ಆದ್ದರಿಂದ ಎರಡೂ ವರ್ಗಗಳ ನಿಖರತೆಯನ್ನು ಬೇರೆಬೇರೆಯಾಗಿ, ಪ್ರತಿ ಜನರೇಟರಿಗೂ ಪ್ರತ್ಯೇಕವಾಗಿ ಬರೆಯದ ವರದಿಯನ್ನು ನಾನು ತರಗತಿಯಲ್ಲಿ ಒಪ್ಪಿಕೊಳ್ಳುವುದಿಲ್ಲ.

ಅದರ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ: ಡಿಟೆಕ್ಟರಿಗೆ ಗುರುತು ಕಾಣಲೇ ಇಲ್ಲವೋ, ಅಥವಾ ಕಂಡೂ ಅಂಕವು ಕೃತಕವೆನ್ನಲು ದಾಟಬೇಕಾದ ಗಡಿ, ಅಂದರೆ ಥ್ರೆಶೋಲ್ಡ್, ತಲುಪಲಿಲ್ಲವೋ? ನೈಜ ಫೋಟೋಗಳ ಅಂಕಗಳೆಲ್ಲ 0.01ಕ್ಕಿಂತ ಕೆಳಗೆ, ಹೊಸ ಕೃತಕ ಚಿತ್ರಗಳದ್ದು 0.02ರಿಂದ 0.3ರ ನಡುವೆ ಇವೆ ಎಂದಿಟ್ಟುಕೊಳ್ಳಿ. ಥ್ರೆಶೋಲ್ಡ್ 0.5 ಇದ್ದರೆ ಒಂದು ಕೃತಕವೂ ಸಿಕ್ಕಿಬೀಳುವುದಿಲ್ಲ, ನಿಖರತೆ ಶೇ 50ಕ್ಕೆ ಇಳಿಯುತ್ತದೆ. ಆದರೆ ಅಂಕಗಳ ಏರಿಳಿತದ ಕ್ರಮದಲ್ಲಿ ಒಂದೂ ತಪ್ಪಿಲ್ಲ. ಕ್ರಮವನ್ನು ಮಾತ್ರ ಅಳೆಯುವ ಆವರೇಜ್ ಪ್ರಿಸಿಷನ್ ಇಲ್ಲಿ ಪೂರ್ಣ 1 ಕೊಡುತ್ತದೆ. ಇಂಥ ಕಡೆ ಥ್ರೆಶೋಲ್ಡನ್ನು ಕೆಳಗಿಳಿಸಿದರೆ ಸಾಕು. ಅದಕ್ಕೆ ಹೊಸ ಜನರೇಟರಿನ ಚಿತ್ರಗಳೇ ಬೇಕೆಂದಿಲ್ಲ. ನಿಮ್ಮ ಕೈಯಲ್ಲಿರುವ ನೈಜ ಫೋಟೋಗಳಲ್ಲಿ ಸಾವಿರಕ್ಕೆ 50ಕ್ಕಿಂತ ಹೆಚ್ಚು ತಪ್ಪಾಗಿ ಸಿಕ್ಕಿಬೀಳದಂತೆ ಥ್ರೆಶೋಲ್ಡ್ ನಿಗದಿಪಡಿಸಬಹುದು. ಆವರೇಜ್ ಪ್ರಿಸಿಷನ್ ಕೂಡ ಕುಸಿದಿದ್ದರೆ ಮಾತ್ರ ಗುರುತೇ ಕೈತಪ್ಪಿದೆ ಎಂದರ್ಥ; ಆಗ ಥ್ರೆಶೋಲ್ಡ್ ಮುಟ್ಟಿ ಪ್ರಯೋಜನವಿಲ್ಲ. ಇಲ್ಲೊಂದು ಎಚ್ಚರವೂ ಬೇಕು. ಹಳೆಯ ಡಿಟೆಕ್ಟರ್ ಕಂಡ ನೈಜ ಫೋಟೋಗಳು ಕಿರಿದುಗೊಳಿಸಿ ಜೆಪೆಗ್‌ಗೆ ಒತ್ತಿದವು. ಇಂದಿನ ಫೋನು ಹಲವು ಫ್ರೇಮುಗಳನ್ನು ಬೆಸೆದು, ಅಂಚುಗಳನ್ನು ಚೂಪುಗೊಳಿಸಿ ಒಂದು ಫೋಟೋ ಕೊಡುತ್ತದೆ. ಜನರೇಟರುಗಳು ಬದಲಾದಂತೆ ನೈಜವೂ ಬದಲಾಗಿದೆ, ಹಾಗಾಗಿ ಹಳೆಯ ನೈಜ ಚಿತ್ರಗಳ ಮೇಲೆ ನಿಗದಿಯಾದ ಥ್ರೆಶೋಲ್ಡ್ ಇಲ್ಲಿ ನಂಬಲರ್ಹವಲ್ಲ.

ಪರಿಹಾರಗಳ ಪೈಕಿ ಎರಡನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಅವು ಮೇಲಿನ ಕಾರಣಕ್ಕೆ ನೇರವಾಗಿ ಕೈಹಾಕುತ್ತವೆ. ಓಝಾ ಮತ್ತು ಸಂಗಡಿಗರು ಮಾಡಿದ್ದು ಮೊದಲನೆಯದು. ನೈಜ–ಕೃತಕ ಎಂಬ ಭೇದಕ್ಕೆಂದೇ ಹೊಸ ಫೀಚರುಗಳನ್ನು ಕಲಿಸಹೊರಟರೆ ಮಾದರಿ ಮತ್ತೆ ಅಡ್ಡದಾರಿ ಹಿಡಿಯುತ್ತದೆ. ಆದ್ದರಿಂದ ಕಲಿಸಲೇ ಹೋಗದೆ, ಚಿತ್ರ ಮತ್ತು ಬರಹಗಳ ಜೋಡಿಗಳಿಂದ ಮೊದಲೇ ತರಬೇತಾದ ಕ್ಲಿಪ್ ಮಾದರಿಯ ಫೀಚರುಗಳನ್ನು ಹಾಗೆಯೇ ಬಳಸಿ, ಅವುಗಳ ಮೇಲೆ ಹತ್ತಿರದ ನೆರೆಯನ್ನು ನೋಡುವ ಅಥವಾ ಒಂದೇ ರೇಖೀಯ ಪದರದ ವರ್ಗೀಕರಣ ನಡೆಸಿದರು. ಕೃತಕ ಮಾದರಿಗಳಾಗಿ ಕೊಟ್ಟದ್ದು ಅದೇ ಪ್ರೊಗ್ಯಾನ್ ಚಿತ್ರಗಳನ್ನೇ. ಆದರೂ ತರಬೇತಿಯಲ್ಲಿ ಕಾಣದ ಡಿಫ್ಯೂಷನ್ ಹಾಗೂ ಚಿತ್ರವನ್ನು ತುಂಡುತುಂಡಾಗಿ ಒಂದರ ನಂತರ ಒಂದು ಕಟ್ಟುವ ಆಟೋರಿಗ್ರೆಸಿವ್ ಜನರೇಟರುಗಳ ಮೇಲೆ ಹಿಂದಿನ ವಿಧಾನಕ್ಕಿಂತ ನಿಖರತೆ 25.90 ಅಂಶ, ಆವರೇಜ್ ಪ್ರಿಸಿಷನ್ನಿನ ಸರಾಸರಿ 15.07 ಅಂಶ ಏರಿತೆಂದು ಅವರು ವರದಿ ಮಾಡಿದರು. ಎರಡು ಏರಿಕೆಗಳು ಸಮವಾಗಿಲ್ಲದಿರುವುದನ್ನು ಗಮನಿಸಿ. ಹಳೆಯ ಡಿಟೆಕ್ಟರಿನ ಸೋಲಿನಲ್ಲಿ ಥ್ರೆಶೋಲ್ಡಿನ ಪಾಲೂ ಇತ್ತೆಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಎರಡನೆಯದು ತರಬೇತಿಯ ಜೋಡಿಗಳನ್ನೇ ಬದಲಿಸುವುದು. ಒಂದು ನೈಜ ಫೋಟೋವನ್ನು ಸ್ಟೇಬಲ್ ಡಿಫ್ಯೂಷನ್‌ನ ಎನ್‌ಕೋಡರಿಗೆ ಕೊಟ್ಟು, ಸಾಂದ್ರ ರೂಪಕ್ಕಿಳಿಸಿ, ಡಿಕೋಡರಿನಿಂದ ಮರಳಿ ಪಡೆದು, ಅದನ್ನೇ ಕೃತಕವೆಂದು ಗುರುತು ಹಾಕುತ್ತೇವೆ. ಮೂಲವೂ ಮರುರಚನೆಯೂ ಒಂದೇ ಅಂಗಳ, ಒಂದೇ ಅಡಿಕೆ; ಇರುವ ವ್ಯತ್ಯಾಸವೆಲ್ಲ ಡಿಕೋಡರಿನ ಗುರುತೇ. ಮಾದರಿಗೆ ಬೇರೆ ಅಡ್ಡದಾರಿ ಉಳಿಯುವುದಿಲ್ಲ. ಇದರ ಮಿತಿ ಎಲ್ಲಿದೆ ಎಂಬುದೂ ಲೆಕ್ಕದಲ್ಲೇ ಕಾಣುತ್ತದೆ. 512×512ರ ಬಣ್ಣದ ಚಿತ್ರದಲ್ಲಿ 7,86,432 ಸಂಖ್ಯೆಗಳಿವೆ. ನಾಲ್ಕು ಚಾನೆಲಿನ ಸಾಂದ್ರ ರೂಪದಲ್ಲಿ 16,384, ಅಂದರೆ 48ರಲ್ಲಿ ಒಂದು ಪಾಲು. ಉಳಿದ ವಿವರವನ್ನು ಡಿಕೋಡರ್ ತಾನೇ ಊಹಿಸಿ ತುಂಬಬೇಕು, ಆ ಊಹೆಯಲ್ಲೇ ಗುರುತು ಉಳಿಯುತ್ತದೆ. 2024ರಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್ 3 ಹದಿನಾರು ಚಾನೆಲ್ ಇಟ್ಟುಕೊಂಡಿತು. ಪಾಲು 12ರಲ್ಲಿ ಒಂದಕ್ಕೆ ಬಂತು, ಊಹಿಸಬೇಕಾದದ್ದು ಕಡಿಮೆಯಾಯಿತು, ಮರುರಚನೆ ಮೂಲಕ್ಕೆ ಇನ್ನಷ್ಟು ಹತ್ತಿರವಾಯಿತು. ಹಳೆಯ ಡಿಕೋಡರಿನ ಮೇಲೆ ಪಳಗಿದ ಡಿಟೆಕ್ಟರಿಗೆ ಇದು ಮತ್ತೊಂದು ತೆಲುಗು ಲಾರಿ.

ಇಷ್ಟು ಮಾಡಿಯೂ ವಿದ್ಯಾರ್ಥಿಗಳು ಜಾರಿ ಬೀಳುವ ಜಾಗ ಕಡತದ ಬಗೆ. ನೈಜ ಫೋಟೋಗಳು ಸಾಮಾನ್ಯವಾಗಿ ಜೆಪೆಗ್ ಆಗಿರುತ್ತವೆ, ಜನರೇಟರಿನಿಂದ ಇಳಿಸಿದವು ಪಿಎನ್‌ಜಿ. ಜೆಪೆಗ್ ಚಿತ್ರವನ್ನು 8×8ರ ಚೌಕಗಳಾಗಿ ಕತ್ತರಿಸಿ ಒತ್ತುವುದರಿಂದ ಎಂಟು ಪಿಕ್ಸೆಲಿಗೊಮ್ಮೆ ಒಂದು ಲಯ ಉಳಿಸುತ್ತದೆ. ಮೂರು ಬಾರಿ ಇಮ್ಮಡಿಸುವ ಡಿಕೋಡರಿನ ಲಯವೂ ಎಂಟೇ. ಡಿಟೆಕ್ಟರ್ ಹಿಡಿದದ್ದು ಯಾವುದನ್ನು ಎಂದು ಅಂಕ ನೋಡಿ ಹೇಳಲು ಬರುವುದಿಲ್ಲ. ಪ್ರಚಲಿತ ದತ್ತಾಂಶ ಸಂಗ್ರಹವಾದ ಜೆನ್‌ಇಮೇಜ್‌ನಲ್ಲಿ ಡಿಟೆಕ್ಟರುಗಳು ಇದೇ ರೀತಿ ಜೆಪೆಗ್ ಗುರುತನ್ನೂ ಚಿತ್ರದ ಅಳತೆಯನ್ನೂ ಕಲಿತುಬಿಡುತ್ತವೆ ಎಂದು 2024ರಲ್ಲಿ ಪ್ಯಾಟ್ರಿಕ್ ಗ್ರೊಮೆಲ್ಟ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಹೊಸ ಜನರೇಟರಿನ ಮೇಲೆ ಡಿಟೆಕ್ಟರ್ ಇದ್ದಕ್ಕಿದ್ದಂತೆ ಗೆದ್ದರೂ ಇದೇ ಅನುಮಾನ ಪಡಬೇಕು.

ಎರಡು ಲಯಗಳನ್ನು ಬೇರ್ಪಡಿಸಲು ನಾವು ತರಗತಿಯಲ್ಲಿ ಮಾಡಿದ್ದು ಇಷ್ಟು. ಪೆರ್ಲದ ವಿದ್ಯಾರ್ಥಿನಿಯ 512 ಅಗಲದ ಕೃತಕ ಚಿತ್ರಗಳನ್ನು 400ಕ್ಕೆ ಕಿರಿದುಗೊಳಿಸಿ, ಬಳಿಕ ಎಲ್ಲವನ್ನೂ ಒಂದೇ ಗುಣಮಟ್ಟದ ಜೆಪೆಗ್‌ಗೆ ಉಳಿಸಿದೆವು. ನೈಜ ಫೋಟೋಗಳಿಗೂ ಅದೇ ಸಂಸ್ಕಾರ. ಆಮೇಲೆ ಪ್ರತಿ ಚಿತ್ರದಿಂದ ಮೀಡಿಯನ್ ಫಿಲ್ಟರಿನಿಂದ ನಯಗೊಳಿಸಿದ ಅದರದೇ ರೂಪವನ್ನು ಕಳೆದು, ಉಳಿದ ಗದ್ದಲದ ಫೂರಿಯೇ ಪ್ರಮಾಣಗಳನ್ನು ಸರಾಸರಿ ಮಾಡಿದೆವು.

```python
import numpy as np
from scipy.ndimage import median_filter

S = 0
for g in images:          # 400x400, grayscale, float
    r = g - median_filter(g, size=3)
    S = S + np.abs(np.fft.fftshift(np.fft.fft2(r)))
S = S / len(images)
```

400 ಅಗಲದಲ್ಲಿ ಜೆಪೆಗ್‌ನ ಎಂಟರ ಲಯ ಕೇಂದ್ರದಿಂದ 50 ಪಿಕ್ಸೆಲ್ ದೂರದಲ್ಲೂ ಅದರ ಗುಣಕಗಳಲ್ಲೂ ಚುಕ್ಕಿಗಳಾಗಿ ಕಾಣಬೇಕು. ಡಿಕೋಡರಿನ ಎಂಟರ ಲಯ ಕಿರಿದುಗೊಂಡಾಗ 6.25 ಆಗಿರುವುದರಿಂದ 64 ಪಿಕ್ಸೆಲ್ ದೂರಕ್ಕೆ ಸರಿಯಬೇಕು. 50ರ ಚುಕ್ಕಿಗಳು ನೈಜ, ಕೃತಕ ಎರಡರಲ್ಲೂ ಬಂದವು, ಅವು ಜೆಪೆಗ್‌ನವು. 64ರ ಬಳಿಯ ಚುಕ್ಕಿ ಕೃತಕ ಚಿತ್ರಗಳ ಸರಾಸರಿಯಲ್ಲಿ ಮಾತ್ರ, ಮಸುಕಾಗಿ, ಆದರೆ ತನ್ನ ಜಾಗದಲ್ಲೇ ಕಂಡಿತು. ಅಡಿಕೆ ಅಂಗಳದ ಆ ಒಂದೇ ಚಿತ್ರವನ್ನು ಬೇರೆಯಾಗಿ ನೋಡಿದಾಗ ಅದು ಗದ್ದಲದಲ್ಲಿ ಮುಳುಗಿಹೋಗಿತ್ತು, ಮತ್ತು ಚಿತ್ರಗಳನ್ನೆಲ್ಲ ಒಮ್ಮೆ ವಾಟ್ಸಾಪಿನಲ್ಲಿ ಕಳುಹಿಸಿ ಮರಳಿ ಇಳಿಸಿಕೊಂಡ ಮೇಲೆ ಸರಾಸರಿಯಲ್ಲೂ ಅದನ್ನು ಹುಡುಕಬೇಕಾಯಿತು.